ಎಡಕ್ಕೆ ಕ್ಲೀನರ್, ಬಲಕ್ಕೆ ಕುಕ್

ಯಾವ ಪದಾರ್ಥವನ್ನೇ ಆಗಲಿ ಹೊಗಳುವಾಗ ನನಗೆ ಬಾಯಿ ಸಾಲುವುದಿಲ್ಲ, ಕೈಯೂ ಬೇಕು. ಆ ರವಿವಾರ ಮಧ್ಯಾಹ್ನ ದಾದರಿನ ಹೊಳ್ಳರ ಹೋಟೆಲಿನಲ್ಲಿ ನನ್ನ ಹೆಂಡತಿಯ ಅಣ್ಣ ಶೆಟ್ಟೆಪ್ಪನ ಎದುರು ಕೂತು, ‘ನೋಡು ಭಾವಾ, ಈ ಸಾಂಬಾರು ಮಾಡೋ ಭಟ್ಟರ ಕೈಗುಣ ಇಡೀ ಮುಂಬಯಿಯೊಳಗ ಇಲ್ಲ, ಬ್ರಾಹ್ಮಣರ ಕೈ ಅಂದ್ರ ಬ್ರಾಹ್ಮಣರ ಕೈ!’ ಎಂದು ಬಲಗೈಯನ್ನು ಮೇಲಕ್ಕೆತ್ತಿ ಇಳಿಸಿದೆ. ಬಟ್ಟಲು ಮಗುಚಿತು. ಒಂದು ಬಟ್ಟಲು ಬಿಸಿ ಸಾಂಬಾರು, ಒಂದು ನುಗ್ಗೆಕಾಯಿ ಸಮೇತ, ನನ್ನ ಬಿಳಿ ಧೋತ್ರದ ಮೇಲೆ, ಹೇಳಬಾರದ ಜಾಗದಲ್ಲಿ ಬಂದು ಕೂತಿತು. ಪಕ್ಕದ ಮೇಜಿನ ಗುಜರಾತಿ ಹೆಂಗಸರು ಮುಖ ತಿರುಗಿಸಿದರು. ಭಾವ ಮಾತ್ರ ತಿರುಗಿಸಲಿಲ್ಲ. ಊರಿಗೆ ಹೋಗಿ ಹೇಳಲು ಅವನಿಗೆ ಪೂರ್ತಿ ವಿವರ ಬೇಕಿತ್ತು.

ಎರಡೂ ಕೈಯಲ್ಲಿ ಧೋತ್ರ ಹಿಡಿದು ನಲ್ಲಿ ಹುಡುಕುತ್ತ ಓಡಿದೆ. ಕಣ್ಣಿಗೆ ಮೊದಲು ಬಿದ್ದ ಬಾಗಿಲು ತಳ್ಳಿದೆ. ಅದರ ಮೇಲೆ ‘ಒಳಗೆ ಪ್ರವೇಶವಿಲ್ಲ’ ಎಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದಿತ್ತು. ಮೂರನ್ನೂ ನಾನು ಓದಬಲ್ಲೆ. ಸಂಕಟದಲ್ಲಿ ಒಂದೂ ಕಾಣಲಿಲ್ಲ.

ಒಳಗೆ ಹಂಡೆಯಷ್ಟು ದೊಡ್ಡ ಪಾತ್ರೆ. ಅದರ ಮುಂದೆ ಮೊಣಕಾಲ ಮೇಲೆ ಪಂಚೆ ಕಟ್ಟಿಕೊಂಡ ಒಬ್ಬ ಮನುಷ್ಯ ಸೌಟಿನಿಂದ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸುತ್ತಿದ್ದ. ಮೈಮೇಲೆ ಜನಿವಾರ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮುಖ ನನಗೆ ಗೊತ್ತಿತ್ತು. ನಮ್ಮ ಕನ್ನಡ ಸಂಘದ ರಾತ್ರಿ ಶಾಲೆಯಲ್ಲಿ ನಾನು ವಾರಕ್ಕೆರಡು ದಿನ ಕನ್ನಡ ಕಲಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷದಲ್ಲಿ ಅಕ್ಷರದಿಂದ ಪತ್ರಿಕೆಯವರೆಗೆ ಬಂದ ಚೆನ್ನಯ ಇವನೇ. ಶಾಲೆಯ ಹಾಜರಿ ಪುಸ್ತಕದಲ್ಲಿ ‘ಉದ್ಯೋಗ: ಕ್ಲೀನರ್’ ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದೆ. ಹೊಳ್ಳರು ಹೇಳಿದ್ದರು, ನಾನು ಬರೆದಿದ್ದೆ.

ಚೆನ್ನಯ ನನ್ನ ಧೋತ್ರವನ್ನು ನೋಡಿದ. ನಗಲಿಲ್ಲ.

‘ಉಪ್ಪು ಸರಿ ಉಂಟಾ ಮಾಸ್ಟ್ರೆ?’ ಅಂದ.

‘ಭಟ್ಟರು ಎಲ್ಲಿ?’ ಅಂದೆ ನಾನು, ಮೂರ್ಖನಂತೆ.

‘ಯಾವ ಭಟ್ಟರು? ಇಲ್ಲಿ ಒಂಬತ್ತು ವರ್ಷದಿಂದ ನಾನೇ ಇರೂದು. ಅದರ ಮೊದ್ಲು ಎರಡು ವರ್ಷ ಪಾತ್ರೆ ತೊಳೆದೆ. ಆವಾಗ ಒಬ್ರು ಭಟ್ಟರು ಇದ್ರು, ಅವರು ತೀರಿಕೊಂಡ್ರು.’

ತೀರಿಕೊಂಡ ಭಟ್ಟರ ಕೈಗುಣವನ್ನು ನಾನು ಒಂಬತ್ತು ವರ್ಷ ಹೊಗಳಿದ್ದೆ. ಇಷ್ಟರಲ್ಲೇ ಮುಗಿದಿದ್ದರೆ ನಗಬಹುದಿತ್ತು. ಆದರೆ ನಿಜ ಹೇಳಬೇಕು: ಚೆನ್ನಯನ ಅಪ್ಪ ಉಡುಪಿ ಕಡೆ ತಾಳೆಮರ ಹತ್ತಿ ಕಳ್ಳು ಇಳಿಸುವವನು ಎಂಬುದು ನೆನಪಾಗಿ, ಆಗತಾನೆ ತಿಂದ ಎರಡು ಇಡ್ಲಿ ನನ್ನ ಹೊಟ್ಟೆಯಲ್ಲಿ ಒಮ್ಮೆ ಮಗ್ಗುಲು ತಿರುಗಿದವು. ಒಂದು ಕ್ಷಣ ಅಷ್ಟೇ. ಸಂಘದ ವೇದಿಕೆಯ ಮೇಲೆ ಜಾತಿ ಬಿಡಿರೆಂದು ವರ್ಷಕ್ಕೆ ಮೂರು ಭಾಷಣ ಮಾಡುವ ಮನುಷ್ಯನ ಹೊಟ್ಟೆ ಅದು. ಆ ಹೊಟ್ಟೆಯ ಬಗ್ಗೆ ನನಗೆ ಇವತ್ತಿಗೂ ಹೇಸಿಗೆ ಇದೆ. ಅದನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ, ಎಲ್ಲ ಕಡೆ ಜೊತೆಗೇ ಬರುತ್ತದೆ.

ಮರುದಿನ ಸಂಜೆ ಚೆನ್ನಯ ನಮ್ಮ ಚಾಳಿನ ಮನೆಗೆ ಬಂದ. ಮೆಟ್ಟಿಲು ಹತ್ತಿ ಬಾಗಿಲ ಹೊರಗೇ ನಿಂತು, ಅಂಗಿಯ ಜೇಬಿನಿಂದ ಒಂದು ವಿದೇಶಿ ಲಕೋಟೆ ತೆಗೆದ.

‘ನೀವು ಕಣ್ಣಾರೆ ನೋಡಿದ್ರಲ್ಲ ಮಾಸ್ಟ್ರೆ. ಇನ್ನು ನಿಮ್ಮ ಹತ್ರ ಬರೆಸಬಹುದು.’

ಕಾಗದ ಮೊಂಬಾಸಾದಿಂದ ಬಂದಿತ್ತು. ಅಲ್ಲಿನ ಬಂದರಿನಲ್ಲಿ ಬಡಗಿಯಾಗಿದ್ದ ಚೆನ್ನಯನ ದಾಯಾದಿ ದೂಜ, ಉಡುಪಿ ಕಡೆಯವರೇ ಆದ ಪಾಂಗಣ್ಣಾಯರೆಂಬವರ ಬೋರ್ಡಿಂಗಿನಲ್ಲಿ ಇವನ ವಿಷಯ ಹೇಳಿದ್ದ. ಪಾಂಗಣ್ಣಾಯರಿಗೆ ಅಡುಗೆಯವ ಬೇಕಾಗಿತ್ತು. ಅವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ಪಾಲುದಾರ ಠಕ್ಕರ್ ಸೇಠನಿಗೆ ಕನ್ನಡ ಬಾರದು, ಆದರೆ ಸರ್ಕಾರದ ಪರ್ಮಿಟ್ ತರುವವನು ಅವನೇ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಕಡಿಮೆ. ಆದ್ದರಿಂದ ಪಾಂಗಣ್ಣಾಯರು ಬರೆದಿದ್ದರು: ಒಂದೇ ಹಾಳೆಯಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಸಾಲಿಗೆ ಸಾಲು ತಾಳೆಯಾಗಬೇಕು, ಈಗಿನ ಧಣಿಯ ಸಹಿ ಮತ್ತು ಮುದ್ರೆ ಎರಡರ ಕೆಳಗೂ ಬೇಕು, ಜೊತೆಗೆ ಅರ್ಜಿದಾರನ ಪತ್ರ, ಅದೂ ಎರಡು ಭಾಷೆಯಲ್ಲಿ. ಕೆಲಸ ಗೊತ್ತಿರುವವನೆಂದು ಕಾಗದದಲ್ಲಿ ಇಲ್ಲದಿದ್ದರೆ ಪರ್ಮಿಟ್ ಸಿಕ್ಕುವುದಿಲ್ಲ. ಪಾತ್ರೆ ತೊಳೆಯುವವರು ಅಲ್ಲಿಯೇ ಬೇಕಾದಷ್ಟು ಇದ್ದಾರೆ. ಪರ್ಮಿಟ್ ಬಂದರೆ ಹೆಂಡತಿ ಮಕ್ಕಳಿಗೂ ಇರಲು ಕೋಣೆ ಉಂಟು.

ಈ ಕೊನೆಯ ಸಾಲಿನ ಕೆಳಗೆ ಚೆನ್ನಯ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಹನ್ನೊಂದು ವರ್ಷದಿಂದ ಅವನು ಹೋಟೆಲಿನ ಅಟ್ಟದ ಮೇಲೆ ಹಿಟ್ಟಿನ ಚೀಲಗಳ ನಡುವೆ ಮಲಗುತ್ತಿದ್ದ. ಹೆಂಡತಿ ಅಪ್ಪಿಯನ್ನೂ ಮಗಳನ್ನೂ ಎರಡು ವರ್ಷಕ್ಕೊಮ್ಮೆ ಇಪ್ಪತ್ತು ದಿನ ನೋಡುತ್ತಿದ್ದ.

‘ಮಗಳಿಗೆ ನಾನು ಯಾರು ಅಂತ ಪ್ರತೀ ಸಲ ಹೊಸತಾಗಿ ಹೇಳ್ಬೇಕು,’ ಅಂದ.

ಬಾ ಕೂಡು ಎಂದು ಒಳಗೆ ಕರೆದೆ. ನನ್ನ ಹೆಂಡತಿ ಕಾಶವ್ವ ಚಹಾ ತಂದಳು. ನನಗೆ ದಿನದ ಕಪ್ಪು. ಚೆನ್ನಯನಿಗೆ ಕಿವಿ ಒಡೆದದ್ದು, ಕಪಾಟಿನ ಮೂಲೆಯಲ್ಲಿ ಬೇರೆ ಇಟ್ಟದ್ದು. ನಾನು ಕಂಡೆ. ಚೆನ್ನಯನೂ ಕಂಡ. ಇಬ್ಬರೂ ಚಹಾ ಕುಡಿದೆವು.

ಬರೆಯಲು ಕೂತೆವು. ನನಗೆ ಬರೆಯುವುದೆಂದರೆ ಕೊಬ್ಬು. ಫೋರ್ಟಿನ ಆಫೀಸಿನಲ್ಲಿ ಹದಿನೆಂಟು ವರ್ಷ ‘ಐ ಬೆಗ್ ಟು ಸ್ಟೇಟ್’ ಎಂದು ಬರೆದು ಬರೆದು, ಮನೆಯಲ್ಲಿ ಉಪ್ಪಿನಕಾಯಿ ಬೇಕಾದರೂ ಹಾಗೇ ಕೇಳುವಂತಾಗಿದ್ದೇನೆ. ಮೊದಲ ಕರಡಿನಲ್ಲಿ ಚೆನ್ನಯನನ್ನು ‘ಪಾಕಶಾಸ್ತ್ರದಲ್ಲಿ ನಿಷ್ಣಾತನೂ ಸುಸಂಸ್ಕೃತ ಮನೆತನದವನೂ’ ಮಾಡಿದೆ. ಓದಿ ಹೇಳಿದೆ.

‘ಇದು ಯಾರು ಮಾಸ್ಟ್ರೆ?’

‘ನೀನ ಅಲ್ಲೇನೋ!’

‘ಇಂಥವ ಬಂದ್ರೆ ನಾನೇ ಒಲೆ ಹತ್ರ ಬಿಡ್ಲಿಕ್ಕಿಲ್ಲ. ಎಷ್ಟು ಜನಕ್ಕೆ ಎಷ್ಟು ಬೇಳೆ, ಅದು ಬರೀರಿ. ಅಡುಗೆ ಮಾಡಿಸುವವನಿಗೆ ಅದು ಸಾಕು.’

ಹಾಗೆ ಕೊಬ್ಬು ಕರಗಿ ಒಂಬತ್ತು ಕಲಮುಗಳು ಉಳಿದವು. ಹೆಸರು, ವಯಸ್ಸು, ಊರು, ತಂದೆಯ ಹೆಸರು ಮತ್ತು ಕಸುಬು. ತಂದೆಯ ಕಸುಬು ಬಿಟ್ಟುಬಿಡೋಣ, ಇಂಗ್ಲಿಷಿನವರು ಕೇಳುವುದಿಲ್ಲ ಎಂದೆ. ‘ಪಾಂಗಣ್ಣಾಯರು ಕೇಳ್ತಾರೆ. ಕೇಳುವ ಮೊದ್ಲೇ ಇರ್ಲಿ,’ ಅಂದ. ಐದನೆಯದು ಓದು: ಊರಲ್ಲಿ ಎರಡನೇ ಇಯತ್ತೆ, ಮುಂದೆ ಮುಂಬಯಿಯ ರಾತ್ರಿ ಶಾಲೆ. ಆರು, ಬಲ್ಲ ಭಾಷೆಗಳು: ತುಳು, ಕನ್ನಡ, ಹಿಂದಿ, ಹೋಟೆಲಿಗೆ ಬೇಕಾದಷ್ಟು ಮರಾಠಿ. ಏಳನೆಯದೇ ಮುಖ್ಯ, ಅನುಭವ: ಎರಡು ವರ್ಷ ಪಾತ್ರೆ ತೊಳೆಯುವವನು, ಒಂಬತ್ತು ವರ್ಷ ಅಡುಗೆಯವನು. ಎಂಟು, ದಿನಕ್ಕೆ ಆರುನೂರು ಇಡ್ಲಿ, ಇನ್ನೂರು ಊಟ, ಹಬ್ಬದ ದಿನ ಅದರ ಒಂದೂವರೆಪಟ್ಟು. ಒಂಬತ್ತು, ಮಾಡಬಲ್ಲ ಪದಾರ್ಥಗಳು.

ಕನ್ನಡದಲ್ಲಿ ‘ಇಡ್ಲಿ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಅದನ್ನು ‘ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹುಳಿಬರಿಸಿ ಹಬೆಯಲ್ಲಿ ಬೇಯಿಸಿದ ತಿಂಡಿ’ ಎಂದು ಬಿಡಿಸಬೇಕು, ಪರ್ಮಿಟ್ಟಿನ ಸಾಹೇಬ ಇಡ್ಲಿ ಕಂಡವನಲ್ಲ. ಆದ್ದರಿಂದ ಒಂಬತ್ತನೇ ಕಲಮಿನಲ್ಲಿ ಬಲಬದಿ ಉದ್ದ, ಎಡಬದಿ ಗಿಡ್ಡ. ತಂದೆಯ ಕಸುಬಿನಲ್ಲಿ ಎಡಬದಿ ಉದ್ದ. ಆಫೀಸಿನ ಊಟದ ವೇಳೆಯಲ್ಲಿ ಫುಲ್‌ಸ್ಕೇಪ್ ಹಾಳೆಯನ್ನು ಟೈಪ್‌ರೈಟರಿಗೆ ಸೇರಿಸಿ, ಮಾರ್ಜಿನನ್ನು ನಟ್ಟನಡುವೆ ನಿಲ್ಲಿಸಿ, ಎರಡು ಬೆರಳಿನಲ್ಲಿ ಬಲಬದಿಯನ್ನು ಮೊದಲು ಟೈಪು ಮಾಡಿದೆ. ನಮ್ಮ ಆಫೀಸಿನ ಯಂತ್ರಕ್ಕೆ ಕನ್ನಡ ಬಾರದು. ಎಡಬದಿಯನ್ನು ಮನೆಯಲ್ಲಿ ಪೆನ್ನಿನಿಂದ, ಕಲಮಿನ ಅಂಕೆಗೆ ಅಂಕೆ ಎದುರಾಗುವಂತೆ ಬರೆದೆ. ಮೂರು ಹಾಳೆ ಕೆಟ್ಟವು. ಒಂದರಲ್ಲಿ ಚೆನ್ನಯನ ವಯಸ್ಸು ಕನ್ನಡಕ್ಕಿಂತ ಇಂಗ್ಲಿಷಿನಲ್ಲಿ ಹತ್ತು ವರ್ಷ ಹೆಚ್ಚಾಗಿತ್ತು. ನಾಲ್ಕನೆಯದು ಸುಂದರವಾಗಿ ಬಂತು.

ಅದನ್ನು ಹಿಡಿದು ಇಬ್ಬರೂ ಹೊಳ್ಳರಲ್ಲಿಗೆ ಹೋದೆವು. ಮಧ್ಯಾಹ್ನ ಮೂರರ ಹೊತ್ತು, ಗಿರಾಕಿ ಕಡಿಮೆ. ಗಲ್ಲೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹೊಳ್ಳರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಚೆನ್ನಯ ನಿಂತ. ಅದು ವಿಶೇಷವೆಂದು ನನಗೂ ಅನಿಸಲಿಲ್ಲ, ಆಮೇಲೆ ಅನಿಸಿತು.

ಹೊಳ್ಳರು ಕನ್ನಡಕ ಏರಿಸಿ ಎಡಬದಿ ಓದಿದರು. ಏಳನೇ ಕಲಮಿಗೆ ಬಂದು ನಿಂತರು.

‘ಎಂತ ಮಾಸ್ಟ್ರೆ, ನಿಮ್ಗೆ ತಲೆ ಸರಿ ಉಂಟಾ? ಇದಕ್ಕೆ ನಾನು ಸಹಿ ಹಾಕೂದಾ?’

‘ಖರೇ ಅದ ಅಲ್ಲೇನ್ರಿ?’

‘ಖರೆ ಹೌದು. ಬಲಗಡೆ ಕುಕ್ ಅಂತ ಉಂಟಲ್ಲ, ಇರ್ಲಿ. ಬೇಕಾದ್ರೆ ಹೆಡ್ ಕುಕ್ ಅಂತ ಮಾಡಿ, ನಂದೆಂತ ಹೋಗ್ತದೆ? ಈ ಎಡಗಡೆಯದ್ದು ಆಗೂದಿಲ್ಲ.’

‘ಎರಡೂ ಒಂದ ಅಲ್ಲೇನ್ರಿ?’

‘ಒಂದು ಹೇಗಾಗ್ತದೆ? ಇಂಗ್ಲಿಷು ಅಲ್ಲಿ ಆಫೀಸಿನ ಫೈಲಿಗೆ ಹೋಗ್ತದೆ, ಗೆದ್ದಲು ತಿಂತದೆ. ಕನ್ನಡ ತಿರುಗಿ ಊರಿಗೆ ಬರ್ತದೆ. ಮೊಂಬಾಸಾದಲ್ಲಿ ನಮ್ಮವರು ಓದ್ತಾರೆ, ಮಂಗಳೂರಿಗೆ ಬರೀತಾರೆ, ಅಲ್ಲಿಂದ ಯಾರಾದ್ರೂ ದಾದರಿಗೆ ಬರ್ತಾರೆ. ಹೊಳ್ಳರ ಹೋಟೆಲಲ್ಲಿ ಕಳ್ಳಿನವನ ಮಗ ಅಡಿಗೆ ಮಾಡ್ತಿದ್ದ ಅಂತ ಕನ್ನಡದಲ್ಲಿ, ನನ್ನ ಸೀಲು ಸಮೇತ! ನಾಳೆಯಿಂದ ನಾನು ಎಂತ, ನೊಣ ಹೊಡೀತಾ ಕೂರೂದಾ?’

‘ಹಂಗಾರ ನಿಮಗ ತಪ್ಪು ಅನಸೂದಿಲ್ಲೇನು?’ ಎಂದು ಕೇಳಬೇಕೆಂದಿದ್ದೆ. ನಮ್ಮ ರಾತ್ರಿ ಶಾಲೆ ನಡೆಯುವುದು ಹೊಳ್ಳರ ಗೋದಾಮಿನಲ್ಲಿ, ಬಾಡಿಗೆ ಇಲ್ಲದೆ. ‘ಅದೂ ಸರಿ ಅನ್ರಿ,’ ಅಂದುಬಿಟ್ಟೆ.

ಹೊಳ್ಳರು ಪೆನ್ನು ತೆಗೆದು, ನಾನು ಬರೆದಿದ್ದ ‘ಎರಡು ವರ್ಷ ಪಾತ್ರೆ ತೊಳೆಯುವವನು, ಒಂಬತ್ತು ವರ್ಷ ಅಡುಗೆಯವನು’ ಎಂಬುದನ್ನು ನೀಟಾಗಿ ಹೊಡೆದು, ಮೇಲೆ ‘ಹನ್ನೊಂದು ವರ್ಷ ಪಾತ್ರೆ ತೊಳೆಯುವವನು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಎಂಟನ್ನೂ ಒಂಬತ್ತನ್ನೂ ‘ಅದು ಹೋಟೆಲಿನ ಲೆಕ್ಕ, ಇರ್ಲಿ’ ಎಂದು ಬಿಟ್ಟರು. ಬಲಬದಿಯ ಕುಕ್ಕನ್ನು ಮುಟ್ಟಲಿಲ್ಲ. ಎರಡಕ್ಕೂ ಸಹಿ, ಎರಡಕ್ಕೂ ದುಂಡು ಮುದ್ರೆ ಬಿತ್ತು. ಆಮೇಲೆ ಮನಸ್ಸು ಕರಗಿ, ಕನ್ನಡದ ಕೆಳಗೆ ‘ನಂಬಿಗಸ್ತ’ ಎಂದೂ ಸೇರಿಸಿದರು.

‘ಅವ ನನ್ನ ಮಗನ ಹಾಗೆ ಮಾಸ್ಟ್ರೆ,’ ಎಂದು ನನಗೆ ಹೇಳಿದರು. ಮಗ ಮೂರು ಅಡಿ ದೂರದಲ್ಲಿ ನಿಂತೇ ಇದ್ದ. ‘ಕಾಫಿ ಕುಡೀರಿ.’

ನಾನು ಕುಡಿದೆ. ಅಷ್ಟೇ ಅಲ್ಲ, ಥ್ಯಾಂಕ್ಸ್ ಕೂಡ ಹೇಳಿದೆ. ಈ ಬರಹವನ್ನು ಓದುವವರು ಹೊಳ್ಳರ ಮೇಲೆ ಉಗುಳಬೇಕೆಂದಿದ್ದರೆ, ಪಕ್ಕದ ಕುರ್ಚಿಗೂ ಒಂದಿಷ್ಟು ಉಳಿಸಿಕೊಳ್ಳಬೇಕು.

ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ಚೆನ್ನಯ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಜನ ಎರಡೂ ಕಡೆಯಿಂದ ನುಗ್ಗುತ್ತಿದ್ದರು. ಕಂಬಿಗೆ ಒರಗಿ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಹೊಳ್ಳರ ಅಕ್ಷರ ಓದಿದ. ಹಾಗೆ ಓದಲು ಕಲಿಸಿದವನು ನಾನೇ. ಆ ಹೊತ್ತು ಕಲಿಸದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

‘ಚಿಂತಿ ಬ್ಯಾಡಪಾ,’ ಅಂದೆ. ‘ಆ ಸಾಲಿನ ಮ್ಯಾಲ ಬ್ಲೇಡ್ ಆಡಿಸಿದ್ರ ಶಾಯಿ ಹೋಗ್ತದ. ಮ್ಯಾಲ ಅಡಗಿಯವ ಅಂತ ನಾನು ಬರೀತೀನಿ. ಸಹಿ ಹೆಂಗೂ ಆಗೇದ.’

‘ಕೆರೆದ ಕಾಗದ ಯಾರು ನಂಬ್ತಾರೆ? ಈಗ ಸುಳ್ಳು ಅವರದ್ದು. ಕೆರೆದ್ರೆ ನಮ್ದಾಗ್ತದೆ.’

‘ಹಂಗಾರ ಅಡಗಿಮನಿ ಕೆಲಸ ಅಂತ ಮಾಡೋಣು. ಎರಡಕ್ಕೂ ಹೊಂದತದ.’

‘ಬೆಕ್ಕೂ ಅಡಿಗೆಮನೆಯಲ್ಲೇ ಇರ್ತದೆ ಮಾಸ್ಟ್ರೆ,’ ಅಂದ. ಒಂದು ಲೋಕಲ್ ಬಂದು ಹೋಯಿತು. ‘ಒಟ್ಟಿಗೆ ಒಂದು ಪತ್ರ ಇಡ್ಬೇಕು ಅಂತ ಉಂಟಲ್ಲ? ಅರ್ಜಿದಾರನದ್ದು? ಅದು ನನ್ನ ಪತ್ರ, ಅಲ್ವಾ? ಅದಕ್ಕೆ ಹೊಳ್ಳರ ಸಹಿ ಬೇಡ?’

‘ಬ್ಯಾಡ.’

‘ಹಾಗಾದ್ರೆ ಅದರಲ್ಲಿ ಬರೀವಾ.’

ನಮ್ಮ ಮನೆಗೆ ಬಂದು ಕೂತೆವು. ಅವನು ಹೇಳಿದ, ನಾನು ಬರೆದೆ. ನನ್ನ ಜೀವನದಲ್ಲಿ ನಾನು ಬರೆದ ಅರ್ಜಿಗಳಲ್ಲಿ ‘ತಮ್ಮ ಆಜ್ಞಾಧಾರಕ’ ಎಂಬುದಿಲ್ಲದ ಅರ್ಜಿ ಇದೊಂದೇ:

‘ಪಾಂಗಣ್ಣಾಯರಿಗೂ ಠಕ್ಕರ್ ಸೇಠರಿಗೂ ಚೆನ್ನಯನ ನಮಸ್ಕಾರ. ನಿಮ್ಮ ಕಾಗದದ ಪ್ರಕಾರ ಅಡುಗೆಯವನ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ವಿವರದ ಹಾಳೆಯ ಏಳನೇ ಕಲಮು ಎರಡು ಬದಿಯಲ್ಲಿ ತಾಳೆಯಾಗುವುದಿಲ್ಲ. ಇಂಗ್ಲಿಷಿನದು ನಿಜ. ಕನ್ನಡವನ್ನು ಧಣಿಗಳು ತಿದ್ದಿದ್ದಾರೆ, ಯಾಕೆಂದರೆ ಅವರ ಗಿರಾಕಿಗಳು ಕನ್ನಡ ಓದುತ್ತಾರೆ. ಎರಡು ವರ್ಷ ನಾನು ಪಾತ್ರೆ ತೊಳೆದದ್ದೂ ನಿಜ, ಚೆನ್ನಾಗಿ ತೊಳೆದಿದ್ದೇನೆ. ಸಂಶಯ ಇದ್ದರೆ ಒಂದು ದಿನ ಒಲೆಯ ಮುಂದೆ ನಿಲ್ಲಿಸಿ ನೋಡಿ, ಆಗದಿದ್ದರೆ ಬಂದ ಹಡಗಿಗೆ ವಾಪಸು ಹತ್ತಿಸಿ. ನಾನು ಅಡುಗೆ ಮಾಡುವುದನ್ನು ಕಂಡವರು ಕೆಳಗೆ ಸಾಕ್ಷಿ ಹಾಕಿದ್ದಾರೆ.’

‘ಸಾಕ್ಷಿ ಯಾರೋ?’ ಅಂದೆ.

‘ಧೋತ್ರ ಒದ್ದೆ ಮಾಡ್ಕೊಂಡು ಬಂದವರು ಒಬ್ರೇ ಅಲ್ವಾ?’

ಗೋದಾಮು ನೆನಪಾಯಿತು. ಶಾಲೆಯ ಅರವತ್ತು ಜನ ನೆನಪಾದರು. ಅವರ ಹೆಸರಿನಲ್ಲಿ ಹೆದರುವುದು ನನಗೆ ಅನುಕೂಲವಾಗಿತ್ತು. ಒಳಗಿನಿಂದ ಕಾಶವ್ವ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

‘ಕಾಪಿ ಕುಡಿಲಿಕ್ಕೆ ಧೈರ್ಯ ಇತ್ತಂತ, ಸಹಿ ಮಾಡ್ಲಿಕ್ಕೆ ಇಲ್ಲೇನು?’ ಅಂದಳು.

‘ಒಡದ ಕಪ್ಪಿನ್ಯಾಗ ಚಾ ಕೊಟ್ಟಾಕಿ ನನಗ ಹೇಳತಿ?’

ಅವಳ ಮುಖ ಕೆಂಪಾಯಿತು. ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ಇಬ್ಬರಿಗೂ ತಕ್ಕುದಾಯಿತು. ನಾನು ಕನ್ನಡದ ಕೆಳಗೂ ಇಂಗ್ಲಿಷಿನ ಕೆಳಗೂ ಸಹಿ ಮಾಡಿದೆ. ಕನ್ನಡದ ಕೆಳಗಿನದು ಸ್ವಲ್ಪ ಸಣ್ಣದಾಗಿ ಬಿತ್ತು. ಚೆನ್ನಯ ಅದನ್ನು ನೋಡಿದ. ಇಂಗ್ಲಿಷ್ ಪತ್ರದಲ್ಲಿ ಗಿರಾಕಿಗಳ ಮಾತನ್ನು ಬಿಟ್ಟುಬಿಡೋಣವೇ ಎಂದರೆ, ‘ಬೇಡ, ಸೇಠನಿಗೂ ಗೊತ್ತಾಗ್ಲಿ. ನಾವೂ ಎರಡು ಥರ ಬರೆದ್ರೆ ಹೊಳ್ಳರಿಗೆ ಬೈದದ್ದು ಎಂತಕ್ಕೆ?’ ಅಂದ. ಲಕೋಟೆಯನ್ನು ರಿಜಿಸ್ಟರ್ ಮಾಡಿಸಿ ಬಂದೆವು.

ಐದು ವಾರ ಕಳೆದು ಉತ್ತರ ಬಂತು. ಚೆನ್ನಯ ಅದನ್ನು ತಾನೇ ಓದಿ ಮುಗಿಸಿ, ಹತ್ತು ದಿನ ಬಿಟ್ಟು ತಂದಿದ್ದ. ಮುಖ ನೋಡಿದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ನಾನು ಗಟ್ಟಿಯಾಗಿ ಓದಿದೆ.

‘ಚಿರಂಜೀವಿ ಚೆನ್ನಯನಿಗೆ. ನೀನು ಇದ್ದದ್ದನ್ನು ಇದ್ದ ಹಾಗೆ ಬರೆದದ್ದು ನೋಡಿ ಬಹಳ ಸಂತೋಷವಾಯಿತು. ಇಂಥ ಮನುಷ್ಯನೇ ನಮಗೆ ಬೇಕು. ಠಕ್ಕರ್ ಸೇಠರೂ ಒಪ್ಪಿದ್ದಾರೆ. ಕುಕ್ ಎಂದೇ ಪರ್ಮಿಟ್ಟಿಗೆ ಹಾಕುತ್ತೇವೆ. ಕೋಣೆ ಖಾಲಿ ಮಾಡಿಸಿದ್ದೇನೆ, ಸಮುದ್ರದ ಕಡೆ ಕಿಟಕಿ ಉಂಟು.’

‘ಗೆದ್ದಿ ಬಿಡೋ!’ ಎಂದು ಕೂಗಿದೆ.

‘ಮುಂದೆ ಓದಿ.’

‘ಒಂದು ಸಣ್ಣ ಸಂಗತಿ. ನಮ್ಮ ಬೋರ್ಡಿಂಗಿನಲ್ಲಿ ಉಣ್ಣುವವರೂ ನಮ್ಮ ಕಡೆಯವರೇ ಆದ್ದರಿಂದ, ಅಡುಗೆಮನೆಯ ಬಾಗಿಲಲ್ಲಿ ಜನಕ್ಕೆ ಕಾಣುವಂತೆ ಒಬ್ಬ ಭಟ್ಟರು ಇರಬೇಕಾಗುತ್ತದೆ. ಅವರಿಗೆ ಅಡುಗೆ ಬರಬೇಕೆಂದಿಲ್ಲ. ಮೈಕೈ ತುಂಬಿಕೊಂಡು ಜನಿವಾರ ಕಾಣುವಂತಿದ್ದರೆ ಸಾಕು. ನಿನ್ನ ಪರಿಚಯದ ಯಾರಾದರೂ ಒಬ್ಬರನ್ನು ನೀನೇ ಗೊತ್ತು ಮಾಡಿ, ಅವರ ಅರ್ಜಿಯನ್ನೂ ಇದೇ ಕ್ರಮದಲ್ಲಿ ಎರಡು ಭಾಷೆಯಲ್ಲಿ ಕಳಿಸತಕ್ಕದ್ದು. ಇಬ್ಬರ ಕಾಗದವನ್ನೂ ಒಟ್ಟಿಗೇ ಆಫೀಸಿಗೆ ಕೊಡುವುದರಿಂದ, ಅವರದು ಬರುವ ತನಕ ನಿನ್ನದು ನಿಲ್ಲುತ್ತದೆ.’

ಕಾಗದವನ್ನು ಕೆಳಗಿಟ್ಟು ಕೈ ಒರೆಸಿಕೊಂಡೆ. ಕೈಗೆ ಏನೂ ಅಂಟಿರಲಿಲ್ಲ, ಆದರೂ ಒರೆಸಿಕೊಂಡೆ. ಹೊಳ್ಳರು ಅಡಗಿಸಿಟ್ಟು ಸುಳ್ಳು ಹೇಳುತ್ತಿದ್ದರು. ಈ ಮನುಷ್ಯ ನಿಜವನ್ನು ಮೆಚ್ಚಿ, ಆಶೀರ್ವಾದ ಮಾಡಿ, ಅದರ ಪಕ್ಕದಲ್ಲೇ ಸುಳ್ಳಿಗೆ ಬೇರೆ ಟಿಕೆಟ್ ತೆಗೆಸುತ್ತಿದ್ದ. ಸಮುದ್ರ ದಾಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲದ ಮುದುಕರೇ ವಾಸಿ, ಅವರು ದಾಟುತ್ತಿರಲಿಲ್ಲ. ಈಗಿನವರು ಅದನ್ನು ಟ್ರಂಕಿನಲ್ಲಿ ಹಾಕಿಕೊಂಡು ದಾಟುತ್ತಾರೆ.

‘ಹೋಗಬ್ಯಾಡೋ ಚೆನ್ನಯ,’ ಅಂದೆ. ‘ಅಸಹ್ಯ.’

‘ಅಸಹ್ಯ ಹೌದು,’ ಅಂದ. ‘ಇಲ್ಲಿಯದ್ದಕ್ಕೆ ಕೋಣೆ ಇಲ್ಲ, ಅಲ್ಲಿಯದ್ದಕ್ಕೆ ಉಂಟು. ಅಪ್ಪಿಗೆ ಬರೆದಾಯ್ತು, ಉತ್ತರವೂ ಬಂತು. ಕಿಟಕಿಗೆ ಎಂಥ ಪರದೆ ಅಂತ ಮಗಳು ಕೇಳಿದ್ದಾಳಂತೆ.’

ಎಂಟು ದಿನದಲ್ಲಿ ಭಟ್ಟರೂ ಸಿಕ್ಕಿದರು. ಗೋರೆಗಾಂವಿನಲ್ಲಿ ಅಣ್ಣನ ಮನೆಯಲ್ಲಿ ಊಟ ಮಾಡಿಕೊಂಡಿದ್ದ ಉಪೇಂದ್ರ ಭಟ್ಟರು, ವಯಸ್ಸು ಮೂವತ್ತೈದು. ಮೈಬಣ್ಣ ಒಳ್ಳೆಯದು, ಹೊಟ್ಟೆ ಇನ್ನೂ ಒಳ್ಳೆಯದು. ಪಾಪದ ಮನುಷ್ಯ. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಬಯಸುವುದಕ್ಕೂ ಏಳಬೇಕಲ್ಲ ಎಂಬ ಜಾತಿ. ಚೆನ್ನಯ ಅವರನ್ನು ಲೋಕಲ್ಲಿನಲ್ಲಿ ಕೂರಿಸಿಕೊಂಡು ನಮ್ಮ ಚಾಳಿಗೆ ತಂದ. ಕಾಶವ್ವ ಈ ಸಲ ಮೂವರಿಗೂ ಒಂದೇ ಥರದ ಕಪ್ಪಿನಲ್ಲಿ ಚಹಾ ಕೊಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು.

ಹಾಳೆಯನ್ನು ನಡುವೆ ಮಡಿಸಿ ಗೆರೆ ಮಾಡಿಕೊಂಡೆ. ಹೆಸರು ಬರೆದೆ. ವಯಸ್ಸು, ಊರು. ತಂದೆಯ ಕಸುಬು ಪೌರೋಹಿತ್ಯ. ಓದು, ಮ್ಯಾಟ್ರಿಕ್ ನಾಲ್ಕು ಸಲ. ಭಾಷೆಗಳೂ ಆದವು. ಏಳನೇ ಕಲಮಿಗೆ ಬಂದು ಪೆನ್ನು ನಿಂತಿತು.

‘ಏನಾದ್ರೂ ಅಡಗಿ ಮಾಡೀರೇನ್ರಿ ಭಟ್ಟರ?’

ಭಟ್ಟರು ಪ್ರಾಮಾಣಿಕವಾಗಿ ಯೋಚಿಸಿದರು. ‘ಒಮ್ಮೆ ಗಂಜಿ ಇಟ್ಟಿದ್ದೆ. ಅತ್ತಿಗೆಗೆ ಜ್ವರ ಬಂದಾಗ. ತಳ ಹಿಡಿಯಿತು.’

ನಾನು ಚೆನ್ನಯನ ಕಡೆ ತಿರುಗಿದೆ. ಅವನ ಪರ್ಮಿಟ್ಟು, ಕೋಣೆ, ಕಿಟಕಿ ಎಲ್ಲವೂ ಈ ಒಂದು ಕಲಮಿನ ಮೇಲೆ ನಿಂತಿದ್ದವು. ಅವನು ಕಪ್ಪನ್ನು ನೆಲದ ಮೇಲಿಟ್ಟು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದ.

‘ಇವರ ಅನುಭವ ಏನಂತ ಬರೀಲೋ ಚೆನ್ನಯ?’

‘ಹುಟ್ಟಿದ್ದಾರೆ ಅಂತ ಬರೀರಿ ಮಾಸ್ಟ್ರೆ.’